ರಿವ್ಯೂವರ್ ಕಾಮೆಂಟ್‌ಗಳನ್ನು ವಿಂಗಡಿಸಲು ಗೂಗಲ್ ಶೀಟ್ಸ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮದು ಅಡಿಕೆ ಎಲೆಚುಕ್ಕೆ ರೋಗದ ಮೇಲಿನ ಕೆಲಸ. ತೀರ್ಥಹಳ್ಳಿ, ಹೊಸನಗರದ ತೋಟಗಳನ್ನು ಸುತ್ತಿ, ಶಿವಮೊಗ್ಗದಲ್ಲಿ ಕೂತು ಪೇಪರ್ ಬರೆಯುತ್ತೇವೆ. ಜರ್ನಲ್‌ನಿಂದ ಕಾಮೆಂಟ್ ಬಂದಾಗ ತಿದ್ದುಪಡಿಗೆ ಕೈ ಹಾಕುವ ಮೊದಲು ನಾನು ಎಲ್ಲವನ್ನೂ ಗೂಗಲ್ ಶೀಟ್ಸ್‌ಗೆ ಇಳಿಸುತ್ತೇನೆ.

ಐದು ಕಾಲಂ ಸಾಕು: ಕಾಮೆಂಟ್ ನಂಬರ್, ರಿವ್ಯೂವರ್ ಬರೆದ ಮಾತು ಹಾಗೇ, ತೀವ್ರತೆ, ಪೇಪರ್‌ನ ಭಾಗ, ನಾವು ಮಾಡಿದ ಬದಲಾವಣೆ. ತೀವ್ರತೆಗೆ ಅಂಕಿ ಹಾಕುತ್ತೇನೆ. ತೀರ್ಮಾನವೇ ಬದಲಾಗಬಹುದಾದದ್ದು 1, ವಿವರಣೆ ಸೇರಿಸಿದರೆ ಮುಗಿಯುವುದು 2, ಕಾಗುಣಿತದಂಥದ್ದು 3. ಭಾಗಗಳ ಹೆಸರಿನ ಮುಂದೆಯೂ ಅಂಕಿ ಬೇಕು. ಇಲ್ಲದಿದ್ದರೆ ಶೀಟ್ ಅಕ್ಷರದ ಕ್ರಮ ಹಿಡಿದು, ಪೇಪರ್‌ನ ಕ್ರಮವನ್ನು ಕಲಸಿಬಿಡುತ್ತದೆ.

ತೀವ್ರತೆ ಯಾವುದು ಅನ್ನೋದನ್ನು ಶೀಟ್ ಹೇಳುವುದಿಲ್ಲ, ನಾವೇ ಓದಿ ನಿರ್ಧರಿಸಬೇಕು. ಒಮ್ಮೆ ಎರಡನೇ ರಿವ್ಯೂವರ್ 'ಸಣ್ಣಪುಟ್ಟ ವಿಷಯಗಳು' ಅನ್ನೋ ತಲೆಬರಹದಡಿ ಹೀಗೆ ಬರೆದಿದ್ದರು: "ಒಂದೇ ತೋಟದ ಹತ್ತು ಮರಗಳನ್ನು ಪ್ರತ್ಯೇಕ ಮಾದರಿಗಳೆಂದು ಹೇಗೆ ಲೆಕ್ಕ ಹಾಕಿದಿರಿ? ಮೂರನೇ ಚಿತ್ರದ ಅಕ್ಷರಗಳೂ ಕಾಣುತ್ತಿಲ್ಲ." ಇದನ್ನು ಎರಡು ಸಾಲಾಗಿ ಒಡೆದೆವು. ಚಿತ್ರದ್ದು 3. ಮರಗಳ ಪ್ರಶ್ನೆ ಮಾತ್ರ ನೇರವಾಗಿ 1. ಒಂದು ತೋಟದ ಮರಗಳಿಗೆ ಮಣ್ಣು, ತೇವ, ಔಷಧಿ ಸಿಂಪಡಣೆ ಎಲ್ಲಾ ಒಂದೇ. ಅವನ್ನು ಬಿಡಿಬಿಡಿಯಾಗಿ ಎಣಿಸಿದರೆ ಪಿ-ವ್ಯಾಲ್ಯೂ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ, ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ. ತೋಟವನ್ನು ರ‍್ಯಾಂಡಮ್ ಎಫೆಕ್ಟ್ ಆಗಿ ಸೇರಿಸಿ, ಮಿಕ್ಸೆಡ್ ಮಾಡೆಲ್‌ನಲ್ಲಿ ಮತ್ತೆ ಲೆಕ್ಕ ಮಾಡಬೇಕಾಯಿತು.

ಆ ಒಂದು ಪ್ರಶ್ನೆ ನಾಲ್ಕು ಭಾಗಗಳನ್ನು ಮುಟ್ಟಿತು. ಎರಡನೇ ರಿವ್ಯೂವರ್‌ನ ಏಳನೇ ಕಾಮೆಂಟ್ ಆದ್ದರಿಂದ ಅದರ ನಂಬರ್ R2.07. ಅದಕ್ಕೇ R2.07a ವಿಧಾನಕ್ಕೆ, R2.07b ಫಲಿತಾಂಶಕ್ಕೆ, R2.07c ಚರ್ಚೆಗೆ, R2.07d ಸಾರಾಂಶಕ್ಕೆ ಅಂತ ಸಾಲು ಮಾಡಿದೆವು. ಸಾರಾಂಶದ ಸಾಲು ಇಲ್ಲದಿದ್ದರೆ ಹಳೆಯ ಅಂಕಿ ಅಲ್ಲೇ ಉಳಿಯುತ್ತದೆ, ರಿವ್ಯೂವರ್ ಕಣ್ಣು ಮೊದಲು ಬೀಳುವುದೂ ಅಲ್ಲೇ. ನಂಬರ್‌ನಲ್ಲಿ ಆ ಸೊನ್ನೆಯೂ ಮುಖ್ಯ. ಅದಿಲ್ಲದಿದ್ದರೆ R2.10 ಅನ್ನೋದು R2.7 ಗಿಂತ ಮೊದಲೇ ಹೋಗಿ ಕೂರುತ್ತದೆ.

ವಿಂಗಡಿಸಲು Data → Sort range → Advanced range sorting options. ಮೊದಲು ತೀವ್ರತೆ, ಆಮೇಲೆ ಭಾಗ. ತೀವ್ರತೆ 1 ಇರುವ ಸಾಲುಗಳು ಮುಗಿಯುವವರೆಗೆ ಭಾಷೆ ತಿದ್ದಲು ಹೋಗಬೇಡಿ. ಹೊಸ ಲೆಕ್ಕ ಬಂದಾಗ ಆ ಪ್ಯಾರಾವೇ ಇರುವುದಿಲ್ಲ. ಅದಾದ ಮೇಲೆ ಭಾಗದ ಪ್ರಕಾರ ವಿಂಗಡಿಸಿ, ಮೇಲಿನಿಂದ ಕೆಳಗೆ ಬರೆದುಕೊಂಡು ಹೋಗಿ.

ಎರಡು ತೊಂದರೆ ಹೇಳಲೇಬೇಕು. ಪಿಡಿಎಫ್‌ನಿಂದ ಪೇಸ್ಟ್ ಮಾಡಿದರೆ ಒಂದು ಕಾಮೆಂಟ್ ಹಲವು ಸಾಲಾಗಿ ಚದುರುತ್ತದೆ. ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಪೇಸ್ಟ್ ಮಾಡಿದರೆ ಒಂದರಲ್ಲೇ ಕೂರುತ್ತದೆ. ಇನ್ನೊಂದು ಇದಕ್ಕಿಂತ ಅಪಾಯದ್ದು. ಎಲ್ಲಾ ಕಾಲಂ ಆಯ್ಕೆ ಮಾಡದೆ ವಿಂಗಡಿಸಿದರೆ ನಂಬರ್ ಒಂದು ಕಡೆ, ಮಾತು ಇನ್ನೊಂದು ಕಡೆ. ವಿಂಗಡಿಸಿದ ಕೂಡಲೇ ಎರಡು ಮೂರು ಸಾಲನ್ನು ಮೂಲ ಪತ್ರದ ಜೊತೆ ತಾಳೆ ನೋಡಿ. ತಪ್ಪಿದ್ದರೆ Version history ಯಿಂದ ಹಿಂದಿನದ್ದು ಸಿಗುತ್ತದೆ. ಮಳೆಗಾಲದಲ್ಲಿ ಊರಿಗೆ ಹೋಗುವವರು ನೆಟ್‌ವರ್ಕ್ ಇರುವಾಗಲೇ ಆಫ್‌ಲೈನ್ ಆಯ್ಕೆ ಹಾಕಿಕೊಂಡಿರಿ.

ಕೊನೆಗೆ ಕಾಮೆಂಟ್ ನಂಬರ್ ಪ್ರಕಾರ ವಿಂಗಡಿಸಿದರೆ ರಿವ್ಯೂವರ್ ಬರೆದ ಕ್ರಮವೇ ವಾಪಸ್ ಬರುತ್ತದೆ. ಉತ್ತರ ಪತ್ರವನ್ನು ಅದನ್ನೇ ನೋಡಿಕೊಂಡು ಬರೆಯುತ್ತೇನೆ.