ಉಳುಕಿನ ನೋವು, ಉರಿಯ ನೋವು: ಎರಡಕ್ಕೂ ಒಂದೇ ಗುಳಿಗೆ ನುಂಗಿ ಮೋಸ ಹೋದೆ

ಮೊದಲೇ ಹೇಳಿಬಿಡುತ್ತೇನೆ. ಸರ್ಪಸುತ್ತು ಹೋದ ಮೇಲೂ ಉಳಿದ ಉರಿಗೆ ನನ್ನ ಕೈ ಹಿಡಿದದ್ದು ರಾತ್ರಿ ಹೊತ್ತು ನುಂಗುವ ಒಂದು ಪುಟ್ಟ ಅಮಿಟ್ರಿಪ್ಟಿಲಿನ್ ಗುಳಿಗೆ. ಮಾಮೂಲಿ ನೋವು-ಊತದ ಗುಳಿಗೆ ಡೈಕ್ಲೋಫೆನಾಕ್ ಅಲ್ಲ. ಆದರೆ ಇದು ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಹೋಗಿತ್ತು.

ನಾನು ಇಳಕಲ್‌ನಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನು. ಒಂದೇ ವರ್ಷದಲ್ಲಿ ಎರಡು ನೋವು ಕಂಡೆ. ಮೊದಲನೆಯದು ಬಸ್ಸಿನಿಂದ ಇಳಿಯುವಾಗ ಪಾದ ಉಳುಕಿದ್ದು. ಬಾತುಕೊಂಡಿತು, ಬಿಸಿಯಾಯಿತು, ಕಾಲೂರಿದರೆ ಜೀವ ಹೋಗುತ್ತಿತ್ತು. ಸುಮ್ನೆ ಮಲಗಿದರೆ ನೋವಿಲ್ಲ. ಡೈಕ್ಲೋಫೆನಾಕ್ ತಗೊಂಡ ಒಂದು ತಾಸಿಗೆ ಹಗುರ. ಐದು ದಿನಕ್ಕೆ ಅಂಗಡಿಗೆ ಹೋದೆ. ಅದರ ಬಗ್ಗೆ ಇಷ್ಟೇ ಸಾಕು.

ನಾಲ್ಕು ತಿಂಗಳ ಮೇಲೆ ಎದೆಯ ಬಲಗಡೆ ಬೆನ್ನಿನಿಂದ ಮುಂದಿನವರೆಗೆ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ ಎದ್ದವು. ಮನೆಯವರು ಕೆಮ್ಮಣ್ಣು ಹಚ್ಚಿದರು. ಡಾಕ್ಟರ ಹತ್ತಿರ ಹೋದದ್ದು ಆರನೇ ದಿನ. ಗುಳ್ಳೆ ಎದ್ದ 72 ತಾಸಿನೊಳಗೆ ವೈರಸ್ ವಿರುದ್ಧದ ಗುಳಿಗೆ ಶುರು ಮಾಡಿದರೆ ಹೆಚ್ಚು ಉಪಯೋಗ ಎಂದು ಆಮೇಲೆ ತಿಳಿಯಿತು. ಚಿಕ್ಕವರಿದ್ದಾಗ ಬಂದ ಸಿಡುಬಿನಂಥ ಅಮ್ಮ (ಚಿಕನ್‌ಪಾಕ್ಸ್) ಹೋದ ಮೇಲೂ ಅದರ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದ ಮೇಲೆ ಎದ್ದು, ಆ ಒಂದು ನರವನ್ನು ಹಿಡಿದು ಹೊರಗೆ ಬರುತ್ತದೆ. ಅದಕ್ಕೇ ಗುಳ್ಳೆ ಒಂದೇ ಬದಿಗೆ, ಪಟ್ಟಿಯ ಹಾಗೆ.

ಗುಳ್ಳೆ ಒಣಗಿದವು. ಉರಿ ಒಣಗಲಿಲ್ಲ.

ನಾನು ಮೋಸ ಹೋದದ್ದು ಇಲ್ಲಿ. ಗುಳ್ಳೆ ಹಸಿ ಇದ್ದಾಗ ಡೈಕ್ಲೋಫೆನಾಕ್ ಸ್ವಲ್ಪ ಕೆಲಸ ಮಾಡಿತ್ತು, ಯಾಕಂದ್ರೆ ಆಗ ಚರ್ಮದಲ್ಲಿ ಊತ ಇತ್ತು. ಹಾಗಾಗಿ ಉರಿ ಉಳಿದಾಗಲೂ ಅದನ್ನೇ ಮುಂದುವರಿಸಿದೆ. ದಿನಕ್ಕೆ ಎರಡು, ಆಮೇಲೆ ಮೂರು. ಔಷಧ ಅಂಗಡಿಯ ಹುಡುಗ "ಕಾಕಾ, ಇನ್ನೊಂದು ಪಟ್ಟಿ ಕೊಡ್ಲೇನ್ರೀ?" ಅನ್ನುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ. ಉರಿ ಇದ್ದಷ್ಟೇ ಇತ್ತು. ಅದರ ಜೊತೆ ಹೊಟ್ಟೆಯುರಿಯೂ ಬಂತು. ಹೀಗೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು.

ಯಾಕೆ ಕೆಲಸ ಮಾಡಲಿಲ್ಲ? ಪಾದ ಉಳುಕಿದಾಗ ಪೆಟ್ಟು ಬಿದ್ದ ಮಾಂಸದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ನರದ ತುದಿಯನ್ನು ಕೆರಳಿಸುತ್ತದೆ. ಡೈಕ್ಲೋಫೆನಾಕ್ ಅದು ಹುಟ್ಟುವುದನ್ನೇ ತಡೆಯುತ್ತದೆ. ಸರ್ಪಸುತ್ತಿನ ಆಮೇಲಿನ ಉರಿಯಲ್ಲಿ ಚರ್ಮದ ಊತ ಉಳಿದಿರುವುದಿಲ್ಲ. ಕೆಟ್ಟಿರುವುದು ನರವೇ. ಕೆಟ್ಟ ಜಾಗದಲ್ಲಿ ಸೋಡಿಯಂ ಒಳಬಿಡುವ ಬಾಗಿಲುಗಳು ಬೇಕಾಬಿಟ್ಟಿ ಜಾಸ್ತಿಯಾಗಿ, ಯಾರೂ ಮುಟ್ಟದೆಯೂ ನರ ತಾನೇ ಸುದ್ದಿ ಕಳಿಸುತ್ತದೆ. ಇಲಿ ಕಡಿದ ಮೋಟರ್ ಕೇಬಲ್ ತೋಟದ ನಡುವೆ ಕಿಡಿ ಹಾರಿಸಿದರೆ ಮೋಟರನ್ನು ಬಿಚ್ಚಿ ಎಣ್ಣೆ ಬಿಟ್ಟು ಏನು ಪ್ರಯೋಜನ? ಪ್ರೋಸ್ಟಗ್ಲಾಂಡಿನ್ ತಡೆಯುವ ಗುಳಿಗೆಗೆ ಅಲ್ಲಿ ಕೆಲಸವೇ ಇಲ್ಲ.

ಸರಿ, ಆದರೆ ಉರಿಯೇ ಯಾಕೆ? ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಸಂಕೇಶ್ವರದ ಮೆಣಸಿನಕಾಯಿ ಕುಟ್ಟಿದ ಮೇಲೆ ಅಂಗೈ ಧಗಧಗ ಅನ್ನುತ್ತದೆ ಅಲ್ವಾ? ಮುಟ್ಟಿ ನೋಡಿದರೆ ಕೈ ಬಿಸಿ ಇರುವುದಿಲ್ಲ. ಬಿಸಿ ತಿಳಿಸುವ ಸಣ್ಣ ನರಗಳ ತುದಿಯಲ್ಲಿ ಒಂದು ಬಾಗಿಲು ಇದೆ, ಅದು ಸುಮಾರು 43 ಡಿಗ್ರಿ ಬಿಸಿಗೆ ತೆರೆಯುತ್ತದೆ. ಮೆಣಸಿನಕಾಯಿಯ ಖಾರ ಬಿಸಿಯಿಲ್ಲದೆಯೇ ಅದೇ ಬಾಗಿಲನ್ನು ತೆರೆಯುತ್ತದೆ. ಮಿದುಳಿಗೆ ಗೊತ್ತಾಗುವುದು ಯಾವ ನರ ಕೂಗಿತು ಎಂಬುದಷ್ಟೇ. ಯಾಕೆ ಕೂಗಿತು ಎಂದು ಅದು ಕೇಳುವುದಿಲ್ಲ. ಬಿಸಿಯ ನರ ಕೂಗಿದರೆ ಬೆಂಕಿ ಎಂದೇ ಲೆಕ್ಕ. ಕೆಟ್ಟ ನರ ತಾನೇ ಕೂಗಿದಾಗಲೂ ಹಾಗೇ.

ಇನ್ನೊಂದು ವಿಚಿತ್ರ ಇತ್ತು. ಅಂಗಿ ಸವರಿದರೆ ತಡೆಯಲಾಗದು. ಫ್ಯಾನಿನ ಗಾಳಿ ಕೂಡ ಬೇಡ. ಬಟ್ಟೆ ಮಾರುವವನಿಗೆ ಬಟ್ಟೆಯೇ ವೈರಿ! ಆದರೆ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿದರೆ ಹಾಯೆನಿಸುತ್ತಿತ್ತು. ಹೊರಗಿನ ನರ ದಿನಗಟ್ಟಲೆ ಕೂಗಿದರೆ ಬೆನ್ನುಹುರಿಯೊಳಗಿನ ಕೋಶಗಳೂ ಕೆರಳಿ, ಬರೀ ಸ್ಪರ್ಶದ ಸುದ್ದಿಯನ್ನೂ ನೋವಿನ ದಾರಿಗೆ ತಳ್ಳುತ್ತವಂತೆ.

ಕೊನೆಗೆ ಬಾಗಲಕೋಟೆಯಲ್ಲಿ ನರದ ಡಾಕ್ಟರನ್ನು ಕಂಡೆ. ಅವರು ಹತ್ತಿಯಿಂದ ಸವರಿದರು, ಪಿನ್ನಿನಿಂದ ಮೆಲ್ಲಗೆ ಚುಚ್ಚಿದರು. ಹತ್ತಿ ತಾಗಿದ್ದಕ್ಕೇ ಚರ್ಮ ಉರಿಯಿತು. ಅದೇ ಜಾಗದಲ್ಲಿ ಪಿನ್ನು ಮಂದವಾಗಿ ತಿಳಿಯಿತು. ಉರಿಯೂ ಮರಗಟ್ಟುವುದೂ ಒಂದೇ ಜಾಗದಲ್ಲಿ ಇದ್ದರೆ ನರದ ಮೇಲೇ ಅನುಮಾನ ಎಂದರು. ಕರೆಂಟ್ ಹೊಡೆದ ಹಾಗೆ ಆಗುತ್ತದೆಯೇ, ಇರುವೆ ಹರಿದ ಹಾಗೆ, ತಣ್ಣೀರು ಬಿದ್ದರೆ ನೋವೇ ಎಂದೂ ಕೇಳಿದರು. ಉಳುಕಿದ ಪಾದಕ್ಕೆ ಇವು ಒಂದೂ ಇರಲಿಲ್ಲ. ಇಸಿಜಿ ಮಾಡಿಸಿ, ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದುಕೊಟ್ಟರು.

ಇದರ ಕಿರಿಕಿರಿ ಹೇಳದೆ ಬಿಡಲಾರೆ. ಮೊದಲನೆಯದು, ಔಷಧ ಅಂಗಡಿಯಲ್ಲಿ ಯಾರೋ "ಇದು ಮನಸ್ಸಿನ ರೋಗದ ಗುಳಿಗಿ ರೀ" ಅಂದರು. ಮನಸ್ಸು ಕುಗ್ಗಿದವರಿಗೆ ಕೊಡುವುದು ನಿಜ, ಆದರೆ ಅದಕ್ಕೆ ಪ್ರಮಾಣ ಇದರ ಎಷ್ಟೋ ಪಟ್ಟು. ನೋವಿಗೆ ಸ್ವಲ್ಪವೇ ಸಾಕು. ಅದು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುವ ನಮ್ಮದೇ ವ್ಯವಸ್ಥೆಗೆ ಬಲ ಕೊಡುತ್ತದೆ, ಆ ಸೋಡಿಯಂ ಬಾಗಿಲನ್ನೂ ಒಂದಿಷ್ಟು ಮುಚ್ಚುತ್ತದೆ.

ಎರಡನೆಯದು ನಿದ್ದೆ. ರಾತ್ರಿ ಹತ್ತೂವರೆಗೆ ನುಂಗಿ ಮಲಗುತ್ತಿದ್ದೆ. ಬೆಳಗ್ಗೆ ಅಂಗಡಿ ತೆರೆಯುವಾಗ ತಲೆಯಲ್ಲಿ ಹತ್ತಿ ತುಂಬಿದ ಹಾಗೆ. ಒಮ್ಮೆ ಗಿರಾಕಿಗೆ ಚಿಲ್ಲರೆ ಜಾಸ್ತಿ ಕೊಟ್ಟೆ. ಬಾಯಿ ಒಣಗಿತು, ಮಲ ಕಟ್ಟಿತು. ಉರಿ ಮಾತ್ರ ಒಂದು ಕೂದಲಿನಷ್ಟೂ ಇಳಿಯಲಿಲ್ಲ. ಡೈಕ್ಲೋಫೆನಾಕ್ ತಾಸಿಗೆ ಫಲ ಕೊಟ್ಟು ನನ್ನನ್ನು ಕೆಡಿಸಿತ್ತು, ನಾಲ್ಕನೇ ದಿನ ಇದನ್ನು ಬಿಟ್ಟೆ. ನಮ್ಮಾಕೆ "ಏನ್ರೀ, ನಾಕು ದಿನಕ್ಕ ಬೆಳಿ ಬರತೈತೇನು?" ಎಂದು ಬೈದು ಡಾಕ್ಟರಿಗೆ ಫೋನ್ ಹಚ್ಚಿಸಿದಳು. ಅವರು ಎರಡೇ ಮಾತು ಹೇಳಿದರು. ಸಂಜೆ ಏಳೂವರೆಗೆ ನುಂಗಿ, ಮಂಪರು ರಾತ್ರಿಯಲ್ಲೇ ಕಳೆದುಹೋಗುತ್ತದೆ. ಎರಡು ವಾರ ಆಗದೆ ಇದರ ಬಗ್ಗೆ ತೀರ್ಪು ಕೊಡಬೇಡಿ.

ಹಾಗೇ ಆಯಿತು. ಮೊದಲ ವಾರ ನಿದ್ದೆ ಬಂತು. ಎರಡು ವಾರದ ಮೇಲೆ 25 ಮಿಲಿಗ್ರಾಂ ಮಾಡಿದರು. ನಾಲ್ಕನೇ ವಾರಕ್ಕೆ ಹತ್ತರಲ್ಲಿ ಎಂಟಿದ್ದ ಉರಿ ನಾಲ್ಕಕ್ಕೆ ಬಂತು. ಪೂರ್ತಿ ಹೋಗಲಿಲ್ಲ. ಅರ್ಧ ಇಳಿದರೆ ಒಳ್ಳೆಯ ಫಲ ಎಂದೇ ಡಾಕ್ಟರ ಲೆಕ್ಕ, ಎಷ್ಟೋ ಜನಕ್ಕೆ ಅಷ್ಟೂ ಸಿಗುವುದಿಲ್ಲವಂತೆ.

ನರದ ನೋವಿಗೆ ಕೊಡುವ ಇನ್ನೊಂದು ಔಷಧ ಪ್ರಿಗಾಬಲಿನ್. ಅದು ನನ್ನ ತಮ್ಮನ ಸಕ್ಕರೆ ಕಾಯಿಲೆಯ ಪಾದದ ಉರಿಗೆ ಚೆನ್ನಾಗಿ ಹಿಡಿದಿದೆ. ಅವನಿಗೆ ಪಾದ ಬಾತು ತೂಕ ಏರಿತು. ಮೂತ್ರಪಿಂಡ ನೋಡಿ ಪ್ರಮಾಣ ಇಡುತ್ತಾರೆ. ಇದೇ ಉರಿಗೆ ಕೊಡುವ ಮೆಣಸಿನಕಾಯಿ ಖಾರದ ಮುಲಾಮನ್ನೂ ನಾನು ಹಚ್ಚಿದೆ, ಮೊದಲು ಇನ್ನೂ ಉರಿಯಿತು, ಬಿಟ್ಟೆ.

ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವವರಿಗೆ, ಹೃದಯದ ಬಡಿತ ಏರುಪೇರಾಗುವವರಿಗೆ ನನ್ನ ಗುಳಿಗೆ ಸರಿಹೋಗದು, ಅವರು ಡಾಕ್ಟರನ್ನು ಕೇಳಿಯೇ ಮುಟ್ಟಬೇಕು. ನನಗೆ ಹೊಂದಿತು, ಯಾಕಂದ್ರೆ ನಾನು ಬೇಗ ಉಂಡು ಬೇಗ ಮಲಗುವವನು, ದಿನದ ಖರ್ಚು ಒಂದು ಚಹಾಕ್ಕಿಂತ ಕಡಿಮೆ. ಈಗ ಮತ್ತೆ 10 ಮಿಲಿಗ್ರಾಂಗೆ ಇಳಿಸಿದ್ದಾರೆ, ಒಮ್ಮೆಲೇ ಬಿಡಬಾರದಂತೆ. ಬಿಗಿಯಾದ ಹತ್ತಿಯ ಬನಿಯನ್ ಮೇಲೆ ಅಂಗಿ ಹಾಕುತ್ತೇನೆ. ಡೈಕ್ಲೋಫೆನಾಕ್ ಪಟ್ಟಿ ಗಲ್ಲಾಪೆಟ್ಟಿಗೆಯಲ್ಲೇ ಬಿದ್ದಿದೆ, ಮುಂದಿನ ಉಳುಕಿಗೆ.