ಹದಿನಾಲ್ಕು ವರ್ಷದ ಅಂತರವೋ, ಎರಡು ವರ್ಷದ್ದೋ?

ನಿಮಗೆ 27. ಸಕಲೇಶಪುರದ ತೋಟದವರಿಗೆ 41, ಹಾಸನದಲ್ಲಿ ಕೆಲಸದಲ್ಲಿರುವವರಿಗೆ 29. ಇಬ್ಬರೂ ಇಷ್ಟ, ಯಾರನ್ನು ಮದುವೆಯಾಗಲಿ ಅಂತ ಕೇಳಿದ್ದೀರಿ.

ಮೊದಲು ಮಕ್ಕಳ ಲೆಕ್ಕ ಹಾಕಿ. ನಿಮ್ಮ 30ಕ್ಕೆ ಮಗು ಹುಟ್ಟಿದರೆ, ಅದು ಡಿಗ್ರಿ ಮುಗಿಸುವಾಗ ತೋಟದವರಿಗೆ 65, ಇನ್ನೊಬ್ಬರಿಗೆ 53. ತೋಟಕ್ಕೆ ನಿವೃತ್ತಿ ಇಲ್ಲ, ನಿಜ. ಆದರೆ ಅವರ ಅಪ್ಪ ಅಮ್ಮನ ಆರೈಕೆ ಮದುವೆಯಾದ ಹೊಸತರಲ್ಲೇ ನಿಮ್ಮ ಪಾಲಿಗೆ ಬರಬಹುದು. 29ರವರ ಮನೆಯಲ್ಲಿ ಅದು ತಡ; ಬದಲಿಗೆ ಸಾಲ, ವರ್ಗಾವಣೆ ಇರುತ್ತದೆ.

ನಿಮ್ಮ ಮನೆಯವರ ವಿರೋಧ ತೋಟದವರ ಬಗ್ಗೆಯೇ ಜಾಸ್ತಿ. ಅಮ್ಮನಿಗೆ 50 ಇದ್ದರೆ ಅಳಿಯನನ್ನು ಏನಂತ ಕರೆಯೋದು ಅನ್ನುವುದೂ ಮುಜುಗರವೇ! ಮನೆಯವರ ಆತಂಕ ನಿಮ್ಮ ಮುಂದಿನ ದಿನಗಳದ್ದೋ, ನೆಂಟರ ಮಾತಿನದ್ದೋ, ಕೇಳಿ. ಎರಡನೆಯದಾದರೆ ಕಾಲ ಕಳೆದಂತೆ ತಣ್ಣಗಾಗಬಹುದು.

ಆಸ್ತಿಯನ್ನು ಸಂಕೋಚವಿಲ್ಲದೆ ಕೇಳಿ. ಪಹಣಿ ಯಾರ ಹೆಸರಲ್ಲಿದೆ, ಅಣ್ಣತಮ್ಮಂದಿರಲ್ಲಿ ಪಾಲಾಗಿದೆಯಾ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ವಿಲ್ ಇಲ್ಲದೆ ಗಂಡ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ಅವನ ತಾಯಿಗೆ ಸಮಪಾಲು. ಪಾಲಾಗದ ತೋಟದಲ್ಲಿ ಜಗಳಕ್ಕೆ ದಾರಿ ಇದೆ. ಅಂತರ ದೊಡ್ಡದಾದಷ್ಟೂ ಇದು ಮುಖ್ಯ, ಅಲ್ವಾ?

ಬೇಗ ಮಕ್ಕಳು, ತೋಟದ ಬದುಕು ಬೇಕಿದ್ದು, ಕಾಗದಪತ್ರ ಸರಿ ಇದ್ದರೆ ತೋಟದವರು ನಿಮಗೆ ಹೊಂದುತ್ತಾರೆ. ಇನ್ನೂ ಓದಬೇಕು, ಬೆಂಗಳೂರಿಗೂ ಹೋಗಬಹುದು ಅನ್ನುವುದಾದರೆ 29ರವರ ಜೊತೆ ಸಲೀಸು.