ದೀಪಾವಳಿ ಸಿಹಿ ವಿದೇಶಕ್ಕೆ: ಮೂರು ಬಗೆಯ ಪ್ರಕಟಣೆ, ಹಾಕಿ ನೋಡಿದ ಮೇಲೆ

ಹಬ್ಬದ ಸಿಹಿ ಮಾಡಿ ವಿದೇಶದಲ್ಲಿರುವವರಿಗೆ ಕಳಿಸಿಕೊಡುವುದು ನನ್ನ ಕೆಲಸ. ಸಿಹಿ ಮಾಡುವುದಕ್ಕಿಂತ ಕಷ್ಟ ಅಂತ ನನಗೆ ಅನಿಸುವುದು ಪ್ರಕಟಣೆ ಬರೆಯುವುದು. ಆರ್ಡರ್ ಯಾವಾಗ ಮುಗಿಯುತ್ತದೆ, ಡಬ್ಬಿ ಯಾವಾಗ ತಲುಪುತ್ತದೆ ಅನ್ನುವುದನ್ನು ಓದಿದವರಿಗೆ ಅನುಮಾನ ಉಳಿಯದ ಹಾಗೆ ಹೇಳಬೇಕು. ಮೂರು ರೀತಿಯಲ್ಲಿ ಹಾಕಿ ನೋಡಿದ್ದೇನೆ: ಎಲ್ಲರಿಗೂ ಒಂದೇ ಕೊನೆಯ ದಿನಾಂಕವಿರುವ ಪೋಸ್ಟರ್, ದೇಶವಾರು ಪಟ್ಟಿ, ಮತ್ತೆ ಎರಡೆರಡು ದಿನಾಂಕ ಬರೆದ ಸಾದಾ ವಾಟ್ಸಾಪ್ ಸಂದೇಶ.

ಪೋಸ್ಟರ್ ನೋಡೋಕೆ ಚೆಂದ. ಹಣತೆ, ಮೈಸೂರು ಪಾಕಿನ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ಕೊನೆಯ ದಿನ. ಜನ ಬೇಗ ಫಾರ್ವರ್ಡ್ ಮಾಡುತ್ತಾರೆ, ಹೊಸಬರಿಗೂ ತಲುಪುತ್ತದೆ. ಆದರೆ ಆ ದಿನಾಂಕ ಯಾವುದರದ್ದು? ಆರ್ಡರ್ ಹೇಳುವ ಕೊನೆಯ ದಿನವಾ, ದುಡ್ಡು ಕಟ್ಟುವ ದಿನವಾ, ಡಬ್ಬಿ ಇಲ್ಲಿಂದ ಹೊರಡುವ ದಿನವಾ? ಕೇಳುವವರು ಕೇಳುತ್ತಾರೆ, ಕೇಳದವರು ತಮಗೆ ಅನುಕೂಲವಾದ ಅರ್ಥ ಇಟ್ಟುಕೊಳ್ಳುತ್ತಾರೆ. ಹತ್ತಿರದ ದೇಶಕ್ಕೆ ತಡವಾಗಿ ಕಳಿಸಿದರೂ ನಡೆಯುತ್ತದೆ, ಅಮೆರಿಕಕ್ಕೆ ನಡೆಯುವುದಿಲ್ಲ. ಒಂದೇ ದಿನಾಂಕ ಇಟ್ಟರೆ ಯಾರಿಗೋ ಒಬ್ಬರಿಗೆ ಅದು ತಪ್ಪಾಗಿಯೇ ಇರುತ್ತದೆ.

ದೇಶವಾರು ಪಟ್ಟಿ ಇದಕ್ಕಿಂತ ವಾಸಿ. ಅಮೆರಿಕ, ಇಂಗ್ಲೆಂಡ್, ದುಬೈ, ಸಿಂಗಾಪುರ, ಒಂದೊಂದಕ್ಕೂ ಒಂದೊಂದು ಸಾಲು. ಬೇರೆ ಬೇರೆ ದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಇದು ನಿಜಕ್ಕೂ ಉಪಯೋಗ. ತೊಂದರೆ ಇರುವುದು ಮೊಬೈಲ್ ಪರದೆಯಲ್ಲಿ. ಪಟ್ಟಿಯನ್ನು ಚಿತ್ರ ಮಾಡಿ ಹಾಕಿದರೆ ಅಕ್ಷರ ಚಿಕ್ಕದಾಗಿ, ವಯಸ್ಸಾದವರು ಒಂದು ಸಾಲು ಮೇಲೋ ಕೆಳಗೋ ಓದಿಬಿಡುತ್ತಾರೆ. ಜೊತೆಗೆ ಹಳೆಯ ಚಿತ್ರ ಮರುವರ್ಷವೂ ಗುಂಪುಗಳಲ್ಲಿ ಓಡಾಡುತ್ತದೆ. ವರ್ಷ, ವಾರ ಎರಡೂ ಬರೆದಿದ್ದರೆ ಮಾತ್ರ ಅದು ಹಳೆಯದು ಅಂತ ಗೊತ್ತಾಗುತ್ತದೆ.

ನಾನು ಈಗ ನೆಚ್ಚಿಕೊಂಡಿರುವುದು ಮೂರನೆಯದು. ಪ್ರತಿ ದೇಶಕ್ಕೂ ಬೇರೆ ಸಂದೇಶ, ಅದರಲ್ಲಿ ಮುಖ್ಯವಾಗಿ ಎರಡು ದಿನಾಂಕ: ಆರ್ಡರ್ ಮುಚ್ಚುವ ದಿನ, ತಲುಪಬೇಕಾದ ದಿನ. ಇವನ್ನು ಅಂದಾಜಿಗೆ ಹಾಕುವುದಲ್ಲ, ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. 2026ರ ದೀಪಾವಳಿಯನ್ನೇ ತೆಗೆದುಕೊಳ್ಳಿ.

ಲಕ್ಷ್ಮೀಪೂಜೆ ನವೆಂಬರ್ 8, ಭಾನುವಾರ. ವಾರಾಂತ್ಯದಲ್ಲಿ ಡೆಲಿವರಿ ಆಗುತ್ತದೆ ಅಂತ ನಂಬಿಕೊಳ್ಳಬಾರದು. ಹಾಗಾಗಿ ಡಬ್ಬಿ ಅಮೆರಿಕದ ಮನೆಗೆ ನವೆಂಬರ್ 6ರ ಶುಕ್ರವಾರದೊಳಗೆ ಸೇರಬೇಕು. ಕೊರಿಯರ್‌ನವರು ಏಳು ಕೆಲಸದ ದಿನ ಅಂದರೆ ನಾನು ಕಸ್ಟಮ್ಸ್‌ಗೆ ಅಂತ ಇನ್ನೆರಡು ಸೇರಿಸುತ್ತೇನೆ. ಶನಿವಾರ, ಭಾನುವಾರ ಬಿಟ್ಟು ಒಂಬತ್ತು ದಿನ ಹಿಂದಕ್ಕೆ ಹೋದರೆ ಅಕ್ಟೋಬರ್ 26, ಸೋಮವಾರ ಪಿಕಪ್ ಆಗಬೇಕು. ಸಿಹಿ ಮಾಡಿ, ಆರಿಸಿ, ಪ್ಯಾಕ್ ಮಾಡೋಕೆ ಶುಕ್ರವಾರ, ಶನಿವಾರ ಬೇಕು. ಅಲ್ಲಿಗೆ ಆರ್ಡರ್ ಮುಚ್ಚುವುದು ಅಕ್ಟೋಬರ್ 22, ಗುರುವಾರ. ಹಬ್ಬಕ್ಕೆ ಎರಡು ವಾರಕ್ಕಿಂತ ಜಾಸ್ತಿ ಮುಂಚೆ. ಲೆಕ್ಕ ಬಿಡಿಸಿ ಹೇಳದಿದ್ದರೆ "ಇಷ್ಟು ಬೇಗ ಯಾಕೆ ಮೇಡಂ?" ಅಂತ ಎಲ್ಲರೂ ಕೇಳುತ್ತಾರೆ, ಅದು ನ್ಯಾಯವೇ.

"ಏಳು ದಿನದಲ್ಲಿ ತಲುಪುತ್ತದೆ" ಅಂತ ಮಾತ್ರ ಬರೆದರೆ ಗಲಾಟೆ ಶುರುವಾಗುವುದು ಅಲ್ಲೇ. ಅಮ್ಮ ಊರಲ್ಲಿ ಕ್ಯಾಲೆಂಡರ್ ನೋಡಿ ಏಳು ಎಣಿಸುತ್ತಾರೆ. ಕೊರಿಯರ್‌ನವರು ಕೆಲಸದ ದಿನ ಎಣಿಸುತ್ತಾರೆ, ಅದೂ ಪಿಕಪ್ ಆದ ಮಾರನೆಯ ದಿನದಿಂದ. ನಡುವೆ ಒಂದು ವಾರಾಂತ್ಯ ಸೇರಿದರೆ ಏಳು ಒಂಬತ್ತಾಗುತ್ತದೆ. ಹಾಗಾಗಿ ನಾನು ದಿನಗಳ ಸಂಖ್ಯೆ ಬರೆಯುವುದನ್ನೇ ಬಿಟ್ಟೆ. ತಾರೀಖು ಮತ್ತು ವಾರ, ಅಷ್ಟೇ.

ಅಮೆರಿಕದ ಸಂದೇಶ ಹೀಗಿರುತ್ತದೆ:

"ದೀಪಾವಳಿ 2026, ಅಮೆರಿಕಕ್ಕೆ ಮಾತ್ರ. ಆರ್ಡರ್ ಮತ್ತು ಹಣ: ಅಕ್ಟೋಬರ್ 22, ಗುರುವಾರ ಸಂಜೆ 6ರ ಒಳಗೆ, ಭಾರತದ ಸಮಯ (ನ್ಯೂಯಾರ್ಕ್‌ನಲ್ಲಿ ಅದೇ ದಿನ ಬೆಳಗ್ಗೆ 8.30). ಇಲ್ಲಿಂದ ಹೊರಡುವುದು: ಅಕ್ಟೋಬರ್ 26, ಸೋಮವಾರ. ಮನೆಗೆ ತಲುಪುವ ನಿರೀಕ್ಷೆ: ನವೆಂಬರ್ 6, ಶುಕ್ರವಾರದೊಳಗೆ. ಕಸ್ಟಮ್ಸ್‌ನಲ್ಲಿ ತಡೆದರೆ ತಡವಾಗಬಹುದು. 22ರ ನಂತರ ಬಂದ ಆರ್ಡರ್ ಕಳಿಸುತ್ತೇವೆ, ಹಬ್ಬದೊಳಗೆ ತಲುಪುವ ಮಾತು ಕೊಡುವುದಿಲ್ಲ."

ಕೊನೆಯ ಸಾಲು ಬಹಳ ಮುಖ್ಯ. "ಪ್ರಯತ್ನ ಮಾಡುತ್ತೇವೆ" ಅಂತ ಬರೆದರೆ ಕೇಳುವವರ ಕಿವಿಗೆ ಅದು ಒಪ್ಪಿಗೆಯೇ. ಸಮಯದ ಸಾಲೂ ಹಾಗೇ. ಆರ್ಡರ್ ಮಾಡುವವರು ಬಹಳ ಸಲ ಅಲ್ಲಿರುವ ಮಗಳೇ ಆಗಿರುತ್ತಾಳೆ. "22ರ ರಾತ್ರಿಯವರೆಗೆ" ಅಂದರೆ ಅವಳಿಗೆ ಅದು ಅವಳ ರಾತ್ರಿ. ಅಷ್ಟೊತ್ತಿಗೆ ಇಲ್ಲಿ 23ರ ಬೆಳಗಾಗಿ ಒಲೆ ಹಚ್ಚಿಯಾಗಿರುತ್ತದೆ.

ಡಬ್ಬಿಯಲ್ಲಿ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಅನ್ನುವುದನ್ನು ಹೇಳುವುದರಲ್ಲೂ ಪೋಸ್ಟರ್ ಸೋಲುತ್ತದೆ. ಅಷ್ಟು ಜಾಗವೇ ಇಲ್ಲ. ದೇಶಕ್ಕೊಂದು ಸಂದೇಶವಿದ್ದರೆ ಆ ದೇಶಕ್ಕೆ ಬೇಕಾದ್ದನ್ನಷ್ಟೇ ಬರೆಯಬಹುದು. ಆಸ್ಟ್ರೇಲಿಯಾದ ಸಂದೇಶದಲ್ಲಿ ಹಾಲಿನ ಸಿಹಿ ಇಲ್ಲ ಅಂತ ಮೊದಲ ಸಾಲಿನಲ್ಲೇ ಹಾಕುತ್ತೇನೆ, ಅಲ್ಲಿನ ಜೈವಿಕ ಸುರಕ್ಷತೆಯ ನಿಯಮ ಹಾಲಿನ ತಿನಿಸುಗಳ ವಿಷಯದಲ್ಲಿ ಬಿಗಿ. ಪೇಡಾ ಕೇಳಿಕೊಂಡು ಬಂದವರಿಗೆ ದುಡ್ಡು ಕಟ್ಟಿದ ಮೇಲೆ ಇದನ್ನು ಹೇಳುವುದು ಸರಿಯಲ್ಲ.

ಅಮೆರಿಕಕ್ಕೆ ಬೇರೆಯದೇ ಒಂದು ವಿಷಯವಿದೆ. "ನಾನು ಮಾಡಿದ ಚಕ್ಕುಲಿಯನ್ನೂ ನಿಮ್ಮ ಡಬ್ಬಿಯಲ್ಲೇ ಇಟ್ಟುಬಿಡಿ" ಅಂತ ತಾಯಂದಿರು ಪ್ರೀತಿಯಿಂದ ಕೇಳುತ್ತಾರೆ. ಅಲ್ಲಿನ ಆಹಾರ ಇಲಾಖೆಗೆ, ಅಂದರೆ ಎಫ್‌ಡಿಎಗೆ, ವ್ಯಾಪಾರದವರು ಕಳಿಸುವ ತಿನಿಸಿನ ಬಗ್ಗೆ ಮುಂಚಿತವಾಗಿ ತಿಳಿಸಬೇಕು. ಮನೆಯಲ್ಲಿ ಮಾಡಿದವರೇ ತಮ್ಮವರಿಗೆ ಉಡುಗೊರೆಯಾಗಿ ಕಳಿಸಿದರೆ ಅದಕ್ಕೆ ವಿನಾಯಿತಿ ಇದೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಪಟ್ಟಿಯಲ್ಲಿರುವುದಕ್ಕೂ ಒಳಗಿರುವುದಕ್ಕೂ ಹೊಂದುವುದಿಲ್ಲ. ಅದಕ್ಕೇ ಮನೆಯ ತಿಂಡಿ ಸೇರಿಸುವುದಿಲ್ಲ ಅಂತ ಕಾರಣ ಸಮೇತ ಬರೆಯುತ್ತೇನೆ. ಕಾರಣ ಗೊತ್ತಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತೂಕದ ಮಾತನ್ನು ಮಾತ್ರ ಪಟ್ಟಿಯಲ್ಲಿ ಹೇಳುವುದು ಸುಲಭ. ಕೊರಿಯರ್‌ನವರು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. 30, 25, 20 ಸೆಂಟಿಮೀಟರ್ ಡಬ್ಬಿಗೆ 3 ಕೆಜಿ ಆಗುತ್ತದೆ, ಒಳಗೆ 2 ಕೆಜಿ ಸಿಹಿ ಇದ್ದರೂ. ನಾನು "ಸಿಹಿ 2 ಕೆಜಿ, ಕೊರಿಯರ್ ಲೆಕ್ಕಕ್ಕೆ 3 ಕೆಜಿ" ಅಂತ ಎರಡನ್ನೂ ಬರೆಯುತ್ತೇನೆ.

ವಿಳಾಸ ಕೇಳುವ ಸಾಲುಗಳು ಮೂರೂ ಬಗೆಯಲ್ಲಿ ಒಂದೇ: ಅಲ್ಲಿನ ಫೋನ್ ನಂಬರ್ ದೇಶದ ಕೋಡ್ ಸಮೇತ, ಪಿನ್ ಕೋಡ್, ಅಪಾರ್ಟ್‌ಮೆಂಟ್ ನಂಬರ್. ಇಲ್ಲಿನ ಅಪ್ಪನ ನಂಬರ್ ಕೊಟ್ಟರೆ ಅಲ್ಲಿ ಬಾಗಿಲಿಗೆ ಬಂದವನು ಯಾರಿಗೆ ಫೋನ್ ಮಾಡಬೇಕು?

ಹೊಸ ಗಿರಾಕಿಗಳನ್ನು ಸೆಳೆಯೋಕೆ ಪೋಸ್ಟರ್ ಈಗಲೂ ಹಾಕುತ್ತೇನೆ, ಆದರೆ ಅದರ ಮೇಲೆ ದಿನಾಂಕ ಇರುವುದಿಲ್ಲ. "ನಿಮ್ಮ ದೇಶದ ಹೆಸರು ಬರೆದು ಕಳಿಸಿ" ಅಂತ ಮಾತ್ರ ಇರುತ್ತದೆ. ದೇಶದ ಹೆಸರು ಬಂದ ಕೂಡಲೇ ಆ ದೇಶದ ಸಂದೇಶ ಕಳಿಸುತ್ತೇನೆ. ಎರಡು ಮೂರು ದೇಶಕ್ಕೆ ಕಳಿಸುವ ಮನೆಯವರಾದರೆ ಅದರ ಜೊತೆ ಪಟ್ಟಿಯನ್ನೂ ಕಳಿಸುತ್ತೇನೆ.